ಪೀಣ್ಯದ ಪೆಂಡಾಲಿಗೊಂದು ಹಾಡಿನ ಪಟ್ಟಿ

(ಪೀಣ್ಯದ ಒಂದು ಕಾರ್ಖಾನೆಯ ಕನ್ನಡ ಬಳಗದ ಕಾರ್ಯದರ್ಶಿ ಮತ್ತು ಜಾಲಹಳ್ಳಿಯಲ್ಲಿ ಸುಗಮ ಸಂಗೀತ ಕಲಿಸುವ ಮೇಷ್ಟ್ರ ನಡುವಿನ ಮಾತು)

ಕಾರ್ಯದರ್ಶಿ: ರಾಜ್ಯೋತ್ಸವದ ಪಟ್ಟಿ ತಂದಿದ್ದೀನಿ ಮೇಷ್ಟ್ರೇ. ಹದಿಮೂರು ಹಾಡು. ಈ ಸಲ ಆಡಳಿತದವರು ‘ನವರಸ’ ಅಂತ ವಿಷಯ ಕೊಟ್ಟಿದ್ದಾರೆ, ರಸಕ್ಕೆ ಒಂದಾದರೂ ಹಾಡು ಬೇಕಂತೆ. ವೀರಕ್ಕೆ ಐದು ಸಿಕ್ಕಿವೆ. ಕರುಣಕ್ಕೂ ಕಷ್ಟವಾಗಲಿಲ್ಲ. ಬೀಭತ್ಸಕ್ಕೆ ಮಾತ್ರ ಏನೂ ಹೊಳೀತಿಲ್ಲ.

ಮೇಷ್ಟ್ರು: ಬೀಭತ್ಸ ಆಮೇಲೆ ನೋಡೋಣ. ಕರುಣಕ್ಕೆ ಯಾವುದನ್ನ ಹಾಕಿದ್ದೀರಿ, ಅದನ್ನ ಮೊದಲು ಓದಿ.

ಕಾರ್ಯದರ್ಶಿ: ಅಡಿಗರ ‘ಯಾವ ಮೋಹನ ಮುರಳಿ’, ಜಿ.ಎಸ್. ಶಿವರುದ್ರಪ್ಪನವರ ‘ಕಾಣದ ಕಡಲಿಗೆ’. ಎರಡನ್ನೂ ನಮ್ಮ ಹುಡುಗರು ಚೆನ್ನಾಗಿ ಹಾಡ್ತಾರೆ. ಕೇಳಿದರೆ ಕಣ್ಣು ತುಂಬುತ್ತೆ.

ಮೇಷ್ಟ್ರು: ಕಣ್ಣು ತುಂಬುತ್ತೆ, ನಿಜ. ಆದರೆ ಎರಡೂ ಕರುಣ ಅಲ್ಲಮ್ಮ. ಕರುಣದ ಸ್ಥಾಯಿಭಾವ ಶೋಕ. ಶೋಕ ಹುಟ್ಟೋದು ಕಳೆದುಕೊಂಡದ್ದು ಇನ್ನು ಬರೋದಿಲ್ಲ ಅನ್ನುವ ಕಡೆ. ಅಡಿಗರ ಹಾಡಲ್ಲಿ ಏನು ಕಳೆದುಹೋಗಿದೆ ಹೇಳಿ? ದೂರದ ಏನೋ ಒಂದು ಕರೀತಿದೆ, ಇಲ್ಲಿರೋಕೆ ಮನಸ್ಸಿಲ್ಲ. ಅದು ತಳಮಳ, ಹಂಬಲ. ಶಿವರುದ್ರಪ್ಪನವರದ್ದೂ ಹಾಗೇ, ಇನ್ನೂ ಕಾಣದ್ದರ ಕಡೆಗೆ ಮನಸ್ಸು ಎಳೀತಿದೆ. ಭರತ ಈ ಗೆರೆಯನ್ನ ಬಹಳ ಸ್ಪಷ್ಟವಾಗಿ ಎಳೆದಿದ್ದಾನೆ. ಅಗಲಿಕೆಯ ಶೃಂಗಾರದಲ್ಲಿ ಅಪೇಕ್ಷೆ ಉಳಿದಿರುತ್ತೆ, ಕರುಣದಲ್ಲಿ ಅದೂ ಉಳಿದಿರಲ್ಲ. ಹಾಡು ಆರಿಸುವಾಗ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಇದು ನಾಳೆ ಸರಿಹೋಗಬಹುದಾ? ಹೋಗಬಹುದು ಅನ್ನಿಸಿದರೆ ಅದು ವಿರಹ, ಕರುಣ ಅಲ್ಲ.

ಕಾರ್ಯದರ್ಶಿ: ಊರು ಬಿಟ್ಟು ಬಂದವರೇ ತುಂಬಿರೋ ಕಡೆ ಆ ಹಂಬಲ ಚೆನ್ನಾಗಿ ತಟ್ಟುತ್ತೆ, ಅಲ್ವಾ? ಎಲೆಕ್ಟ್ರಾನಿಕ್ ಸಿಟಿಯಲ್ಲಿ, ವೈಟ್‌ಫೀಲ್ಡಲ್ಲಿ ಅಡಿಗರ ಹಾಡು ಇಲ್ಲದ ರಾಜ್ಯೋತ್ಸವ ನಾನು ನೋಡಿಲ್ಲ.

ಮೇಷ್ಟ್ರು: ತಟ್ಟಲಿ, ಹಾಡಿಸಿ. ಆದರೆ ಕರುಣದ ಜಾಗದಲ್ಲಿ ಅದನ್ನ ಇಟ್ಟರೆ ಜನ ಕರಗಲ್ಲ, ಮಂಕಾಗ್ತಾರೆ. ಎರಡೂ ಬೇರೆ ಸ್ಥಿತಿ. ಕರಗಿದವರನ್ನ ಮುಂದಿನ ಹಾಡಿಗೆ ಕರಕೊಂಡು ಹೋಗಬಹುದು, ಮಂಕಾದವರನ್ನ ಎಬ್ಬಿಸೋದೇ ಕಷ್ಟ. ಹೋಗಲಿ, ಶೃಂಗಾರಕ್ಕೆ ಏನಿದೆ?

ಕಾರ್ಯದರ್ಶಿ: ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’. ಅಕೌಂಟ್ಸ್ ವಿಭಾಗದ ಗಂಡ ಹೆಂಡತಿ ಇಬ್ಬರೂ ಸೇರಿ ಅಭಿನಯ ಮಾಡ್ತೀವಿ ಅಂದಿದ್ದಾರೆ.

ಮೇಷ್ಟ್ರು: ನಿಮ್ಮ ಪಟ್ಟಿಯಲ್ಲಿ ಕರುಣ ಅಂತ ಇದ್ದರೆ ಇದೊಂದೇ, ಅದು ಹೋಗಿ ಶೃಂಗಾರದ ಕೆಳಗೆ ಕೂತಿದೆ! ಅದು ಮಗುವನ್ನ ಕಳಕೊಂಡ ತಂದೆ, ತಾಯಿಯ ಮುಖ ನೋಡಲಾರದೆ ಆಡುವ ಮಾತು. ಗಂಡ ಹೆಂಡತಿ, ನೋಟ, ಮುಖದ ಬಣ್ಣನೆ ಎಲ್ಲ ಇರೋದರಿಂದ ಪ್ರೇಮಗೀತೆ ಅಂತ ತಿಳಿಯೋರು ಬಹಳ ಜನ. ಧಾಟಿಯೂ ಮಧುರವಾಗಿದೆ. ನಿಮ್ಮ ಪ್ರೆಸ್ ಶಾಪಲ್ಲಿ ಧಾರವಾಡ, ಗದಗ ಕಡೆಯವರು ಎಷ್ಟು ಜನ ಇದ್ದಾರೆ?

ಕಾರ್ಯದರ್ಶಿ: ಅರ್ಧಕ್ಕರ್ಧ ಉತ್ತರ ಕರ್ನಾಟಕದವರೇ. ಉಳಿದವರಲ್ಲಿ ಒಡಿಶಾ, ಬಿಹಾರದವರು ಹೆಚ್ಚು.

ಮೇಷ್ಟ್ರು: ಅವರಲ್ಲಿ ಆ ಪದ್ಯದ ಹಿನ್ನೆಲೆ ಗೊತ್ತಿರೋ ಒಬ್ಬರಾದರೂ ಇರ್ತಾರೆ. ವೇದಿಕೆ ಮೇಲೆ ಗಂಡ ಹೆಂಡತಿ ನಾಚಿಕೊಂಡು ನಗುತ್ತಿದ್ದರೆ ಅವರಿಗೆ ಹೊಟ್ಟೆ ಕಿವುಚಿದಂತಾಗುತ್ತೆ. ಆ ದಂಪತಿಗೆ ಕೆ.ಎಸ್. ನರಸಿಂಹಸ್ವಾಮಿಯವರ ‘ರಾಯರು ಬಂದರು ಮಾವನ ಮನೆಗೆ’ ಕೊಡಿ. 1942ರ ‘ಮೈಸೂರು ಮಲ್ಲಿಗೆ’ ಕಾಲದಿಂದ ಕನ್ನಡದ ಮನೆಗಳಲ್ಲಿ ಓಡಾಡಿರೋ ಪದ್ಯ. ಅಳಿಯನ ಸಂಭ್ರಮ, ನಿರಾಸೆ ಎರಡೂ ಅದರಲ್ಲಿವೆ. ಶೃಂಗಾರದ ಒಳಗಿಂದಲೇ ಹಾಸ್ಯ ಚಿಗುರುತ್ತೆ. ಭರತನೂ ಅದನ್ನೇ ಹೇಳೋದು, ಶೃಂಗಾರದಿಂದ ಹಾಸ್ಯ, ರೌದ್ರದಿಂದ ಕರುಣ, ವೀರದಿಂದ ಅದ್ಭುತ, ಬೀಭತ್ಸದಿಂದ ಭಯಾನಕ ಹುಟ್ಟುತ್ತೆ ಅಂತ. ಕಾರ್ಯಕ್ರಮದ ಸಾಲು ಕಟ್ಟೋರಿಗೆ ಈ ನಾಲ್ಕು ಜೋಡಿಗಳಷ್ಟು ಉಪಯೋಗಕ್ಕೆ ಬರೋದು ಇನ್ನೊಂದಿಲ್ಲ.

ಕಾರ್ಯದರ್ಶಿ: ನಾವು ರಾಗ ನೋಡಿ ಆರಿಸಿದ್ವಿ. ನಮ್ಮ ಕೀಬೋರ್ಡ್ ನುಡಿಸೋರು ಶಿವರಂಜನಿ, ಮುಖಾರಿ ಇದ್ದರೆ ಕರುಣ, ಅಠಾಣ ಇದ್ದರೆ ವೀರ ಅಂತ ಗುರುತು ಹಾಕಿಕೊಟ್ಟರು.

ಮೇಷ್ಟ್ರು: ರಾಗ ಸಹಾಯ ಮಾಡುತ್ತೆ, ತೀರ್ಮಾನ ಮಾಡಲ್ಲ. ಶಬರಿಯ ಭಾಗ್ಯವನ್ನ ಎಷ್ಟೆಂದು ಬಣ್ಣಿಸಲಿ ಅಂತ ತ್ಯಾಗರಾಜರು ಹಿಗ್ಗಿ ಹಾಡಿದ ಕೃತಿ ಮುಖಾರಿಯಲ್ಲೇ ಇದೆ. ಅದನ್ನ ಕೇಳಿ ಯಾರೂ ಅಳಲ್ಲ. ಹಾಡಲ್ಲಿ ಯಾರಿಗೆ ಏನಾಗಿದೆ ಅನ್ನೋದು ಮೊದಲು, ಅದೇ ವಿಭಾವ. ರಾಗ, ತಾಳ, ಕಾಲಪ್ರಮಾಣ ಎಲ್ಲ ಅದರ ಹಿಂದೆ ಬರಬೇಕು. ಈಗ ವೀರದ ಐದು ಯಾವುವು?

ಕಾರ್ಯದರ್ಶಿ: ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’, ಕರ್ಕಿಯವರ ‘ಹಚ್ಚೇವು ಕನ್ನಡದ ದೀಪ’, ‘ನಾಗರಹಾವು’ ಚಿತ್ರದ ಓಬವ್ವನ ಹಾಡಿಗೆ ಕುಣಿತ. ಇನ್ನೆರಡು ಈಚಿನ ಸಿನಿಮಾದವು, ಹೊರಗಿನವರಿಗೆ ಎಚ್ಚರಿಕೆ ಕೊಡೋ ಥರದ ಹಾಡು. ಕಿರಿಯರು ಅವೆರಡನ್ನೇ ಕೇಳ್ತಿರೋದು.

ಮೇಷ್ಟ್ರು: ಕೊನೆಯ ಎರಡು ರೌದ್ರ. ವೀರ ಅಲ್ಲ. ವೀರದ ಸ್ಥಾಯಿ ಉತ್ಸಾಹ, ರೌದ್ರದ್ದು ಕ್ರೋಧ. ಎರಡರಲ್ಲೂ ಗಂಟಲು ಏರುತ್ತೆ, ಎರಡರಲ್ಲೂ ತಮಟೆ ಬೀಳುತ್ತೆ, ಅದಕ್ಕೇ ಕಲಸಿಹೋಗೋದು. ವೀರಕ್ಕೆ ಏನೇನು ಕಾರಣ ಅಂತ ಹೇಳುವಾಗ ಭರತ ಶುರು ಮಾಡೋದೇ ಅಸಂಮೋಹದಿಂದ. ಅಂದರೆ ಬುದ್ಧಿ ಕದಡದೇ ಇರೋದು. ಆಮೇಲೆ ನಿಶ್ಚಯ, ನೀತಿ, ವಿನಯ ಬರುತ್ತವೆ. ಬಲ ಪರಾಕ್ರಮ ಅದರ ನಂತರ. ಓಬವ್ವನನ್ನೇ ನೋಡಿ. ಗಂಡ ಊಟಕ್ಕೆ ಕೂತಿದ್ದಾನೆ, ಇವಳು ನೀರಿಗೆ ಹೋದಾಗ ಕಿಂಡಿಯಲ್ಲಿ ಹೈದರನ ಸೈನಿಕರು ನುಸುಳೋದು ಕಾಣುತ್ತೆ. ಕಿರುಚಲಿಲ್ಲ. ಕಿರುಚಿದ್ದರೆ ಹಿಂದಿನವರು ಎಚ್ಚೆತ್ತುಬಿಡ್ತಿದ್ದರು. ಒನಕೆ ತಂದಳು, ಕಿಂಡಿಯ ಪಕ್ಕ ನಿಂತಳು, ತಲೆ ಹೊರಗೆ ಬಂದ ಹಾಗೆ ಹೊಡೆದಳು, ಹೆಣ ಪಕ್ಕಕ್ಕೆ ಎಳೆದು ಮತ್ತೆ ಕಾದು ನಿಂತಳು. ಎಷ್ಟು ಲೆಕ್ಕಾಚಾರ, ಎಷ್ಟು ನಿಶ್ಶಬ್ದ! ಆ ತಣ್ಣನೆಯ ತಲೆಯಲ್ಲೇ ವೀರ ಇರೋದು.

ಕಾರ್ಯದರ್ಶಿ: ನಮ್ಮ ಹುಡುಗೀರು ಅಭ್ಯಾಸ ಮಾಡ್ತಿರೋದು ಕೂದಲು ಬಿಚ್ಚಿಕೊಂಡು, ಹಲ್ಲು ಕಡೀತಾ, ಒನಕೆ ಗಿರಗಿರ ತಿರುಗಿಸ್ತಾ.

ಮೇಷ್ಟ್ರು: ಅದು ಕಾಳಿಯ ಕುಣಿತ ಆಯ್ತು. ಅವರಿಗೆ ಇಷ್ಟೇ ಹೇಳಿ, ಒನಕೆ ಕೈಗೆ ಬಂದ ಮೇಲೆ ಹೆಜ್ಜೆ ನಿಧಾನ ಆಗಬೇಕು, ಕಣ್ಣು ಕಿಂಡಿ ಬಿಟ್ಟು ಕದಲಬಾರದು. ಪಿ.ಬಿ. ಶ್ರೀನಿವಾಸ್ ಅದನ್ನ ಹಾಡಿರೋ ರೀತಿಯನ್ನೂ ಕೇಳಿಸಿ. 1972ರ ಚಿತ್ರ, ವಿಜಯಭಾಸ್ಕರ್ ಸಂಗೀತ. ಅಷ್ಟು ದೊಡ್ಡ ಸಾಹಸವನ್ನ ಹೇಳುವಾಗಲೂ ಆ ದನಿ ಅಬ್ಬರಿಸಲ್ಲ, ಕಥೆ ಹೇಳುತ್ತೆ. ಇನ್ನು ಎಚ್ಚರಿಕೆ ಕೊಡೋ ಆ ಎರಡು ಹಾಡು. ಪೆಂಡಾಲಿನಲ್ಲಿ ಒಡಿಶಾದವನು ಕೂತಿರ್ತಾನೆ, ನಮ್ಮವನ ಜೊತೆ ಒಂದೇ ಮಿಷನ್ ಮೇಲೆ ಕೆಲಸ ಮಾಡೋನು. ಅವನ ಮೇಲೆ ಕ್ರೋಧ ತೋರಿಸಿ ರಾಜ್ಯೋತ್ಸವ ಮಾಡೋದು ನನಗೆ ಒಪ್ಪಲ್ಲ. ರಸದ ಲೆಕ್ಕದಲ್ಲೂ ಅದು ಸೋಲುತ್ತೆ. ಯಾಕೆ ಅಂದರೆ ಅದು ಅವನಲ್ಲಿ ಭಯ ಹುಟ್ಟಿಸುತ್ತೆ. ಭಯಾನಕಕ್ಕೂ ವೀರಕ್ಕೂ ಹೊಂದಲ್ಲ. ಒಂದೇ ಪೆಂಡಾಲಿನಲ್ಲಿ ಅರ್ಧ ಜನರಿಗೆ ಒಂದು ರಸ, ಇನ್ನರ್ಧಕ್ಕೆ ಅದರ ಶತ್ರು.

ಕಾರ್ಯದರ್ಶಿ: ಅವೆರಡನ್ನ ಬಿಡೋದಕ್ಕೆ ನನಗೂ ಒಂದು ನೆಪ ಬೇಕಿತ್ತು. ಸಮಯದ ನೆಪ ಹೇಳ್ತೀನಿ. ಮೊದಲ ಪಾಳಿ ಎರಡು ಗಂಟೆಗೆ ಬಿಡುತ್ತೆ. ಊಟ ಮುಗಿಸಿ ಮೂರೂವರೆಗೆ ಕೂತರೆ ಐದಕ್ಕೆ ಎಬ್ಬಿಸಬೇಕು, ಕಂಪನಿ ಬಸ್ಸು ಕಾಯಲ್ಲ. ದೀಪ, ಸ್ವಾಗತ, ಬಹುಮಾನ ಅಂತ ಅರ್ಧ ಗಂಟೆ ಹೋಗುತ್ತೆ. ಹಾಡಿಗೆ ಉಳಿಯೋದು ಒಂದು ಗಂಟೆ.

ಮೇಷ್ಟ್ರು: ಹಾಗಾದರೆ ಹದಿಮೂರು ಹಿಡಿಸಲ್ಲ. ಹಾಡಿಗೆ ಐದು ನಿಮಿಷ, ಮೈಕು ಬದಲಾಯಿಸಿ ತಂಡ ಇಳಿದು ಹತ್ತೋಕೆ ಒಂದೂವರೆ ನಿಮಿಷ. ಎಂಟು ಹಾಡು ಆರಾಮಾಗಿ ಆಗುತ್ತೆ. ನಾಡಗೀತೆಯನ್ನ ಈ ಎಂಟರಲ್ಲಿ ಎಣಿಸಬೇಡಿ. ಅದಕ್ಕೆ ರಸ ಹುಡುಕುವ ಕೆಲಸವೂ ಇಲ್ಲ, 2022ರ ಸರ್ಕಾರಿ ಆದೇಶದಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಅಂತ ಗೊತ್ತು ಮಾಡಿದ್ದಾರೆ. ಎದ್ದು ನಿಂತು ಹಾಡಿ, ಕೂತ ಮೇಲೆ ನಮ್ಮ ಸಾಲು ಶುರು.

ಕಾರ್ಯದರ್ಶಿ: ಶುರುವಿಗೆ ಹುಯಿಲಗೋಳರದ್ದು ಇಡೋಣವಾ? 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ ಗೀತೆ ಅಂತ ನಿರೂಪಣೆಯಲ್ಲೂ ಹೇಳಬಹುದು.

ಮೇಷ್ಟ್ರು: ಇಡಿ. ಕರ್ನಾಟಕ ಒಂದಾಗೋಕೆ ಇನ್ನೂ ಮೂವತ್ತೆರಡು ವರ್ಷ ಇದ್ದಾಗ ಹಾಡಿದ್ದು. ಕಣ್ಣಮುಂದೆ ಇಲ್ಲದ ನಾಡನ್ನ ಬರಲಿ ಅಂತ ಕರೆಯೋದು. ಅಲ್ಲಿ ಶತ್ರು ಇಲ್ಲ, ಬರೀ ಉತ್ಸಾಹ. ಅದರ ಬೆನ್ನಿಗೆ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’. ಜೋಗದಿಂದ ಶುರುವಾಗಿ ನಾಡಿನ ಕಾಡು, ಕಲ್ಲು, ಕಥೆ ಎಲ್ಲ ಕಣ್ಣರಳಿಸಿ ನೋಡೋ ಹಾಡು, ಅದ್ಭುತ. ವೀರದಿಂದ ಅದ್ಭುತ ಹುಟ್ಟೋದು ಅಂದೆನಲ್ಲ. ಜನ ಇನ್ನೂ ಕುರ್ಚಿ ಎಳೀತಿರ್ತಾರೆ, ಆ ಗಲಾಟೆಯನ್ನ ತಡಕೊಳ್ಳೋ ಹಾಡುಗಳು ಇವು. ಮೂರನೆಯದು ಅಕೌಂಟ್ಸ್ ದಂಪತಿಯ ‘ರಾಯರು’. ನಾಲ್ಕನೆಯದು ಹಾಸ್ಯ. ಅದಕ್ಕೆ ಏನಿತ್ತು?

ಕಾರ್ಯದರ್ಶಿ: ರಾಜರತ್ನಂ ಅವರ ‘ರತ್ನನ ಪದಗಳು’. ಕುಡುಕನ ಹಾಡು ಕಾರ್ಖಾನೆಯಲ್ಲಿ ಬೇಕಾ ಅಂತ ಮ್ಯಾನೇಜರ್ ಕೇಳಿದರು.

ಮೇಷ್ಟ್ರು: ರತ್ನ ಕನ್ನಡದ ಬಗ್ಗೆ ಹೇಳೋ ಪದವನ್ನ ಆರಿಸಿ, ಆಗ ಆ ಪ್ರಶ್ನೆ ಏಳಲ್ಲ. ನರಕಕ್ಕೆ ಹಾಕಿದರೂ, ಬಾಯಿ ಹೊಲಿಸಿದರೂ ತಾನು ಕನ್ನಡ ಹಾಡೋದು ಬಿಡಲ್ಲ ಅಂತಾನೆ. ಹೊರಗೆ ನಗು, ಒಳಗೆ ಅಪ್ಪಟ ಉತ್ಸಾಹ. ನಿಮ್ಮ ಇಡೀ ಸಂಜೆಯ ಅಂಗಿರಸ ವೀರ. ಮಿಕ್ಕದ್ದೆಲ್ಲ ಅದಕ್ಕೆ ಅಂಗ. ನಗಿಸುವ ಹಾಡಿನೊಳಗೂ ಅಂಗಿರಸದ ಎಳೆ ಇದ್ದರೆ ಸಾಲು ಹರಿಯಲ್ಲ. ಒಂಬತ್ತು ರಸವನ್ನೂ ಸಮಸಮ ಹಂಚಿದರೆ ಯಾವುದೂ ನಿಲ್ಲಲ್ಲ ಅಂತ ನಿಮ್ಮ ಆಡಳಿತದವರಿಗೆ ತಿಳಿಸಿ ಹೇಳಿ.

ಕಾರ್ಯದರ್ಶಿ: ಇಲ್ಲಿವರೆಗೆ ಸುಲಭ. ಕಷ್ಟ ಇರೋದು ಇಲ್ಲೇ. ಹೋದ ವರ್ಷ ಪಕ್ಕದ ಕಾರ್ಖಾನೆಯವರು ಹಾಸ್ಯ ಆದ ಕೂಡಲೇ ‘ಗೋವಿನ ಹಾಡು’ ಇಟ್ಟರು. ಜನ ಇನ್ನೂ ನಗ್ತಾನೇ ಇದ್ದರು. ಕರು ಅಳೋ ಕಡೆಗೂ ಯಾರೋ ಅಂಬಾ ಅಂತ ಕೂಗಿಬಿಟ್ಟರು. ಆಮೇಲೆ ಹಾಡು ಮೇಲೇಳಲೇ ಇಲ್ಲ.

ಮೇಷ್ಟ್ರು: ಆಗಲೇಬೇಕಾದ್ದು ಆಯ್ತು. ಹೊಂದದ ಎರಡು ರಸ ಅಕ್ಕಪಕ್ಕ ಬಂದಾಗ ನಡುವೆ ಮೂರನೆಯದೊಂದನ್ನ ಇಡಿ ಅಂತ ‘ಧ್ವನ್ಯಾಲೋಕ’ದಲ್ಲಿ ಆನಂದವರ್ಧನ ಹೇಳ್ತಾನೆ. ಅವನು ಕೊಡೋ ಉದಾಹರಣೆ ‘ನಾಗಾನಂದ’ ನಾಟಕದ್ದು. ಅಲ್ಲಿ ಶಾಂತದಿಂದ ಶೃಂಗಾರಕ್ಕೆ ಹೋಗಬೇಕು, ಎರಡಕ್ಕೂ ಆಗಿಬರಲ್ಲ. ಅದಕ್ಕೆ ನಡುವೆ ಅದ್ಭುತ ಬರುತ್ತೆ. ನಮಗೆ ಹಾಸ್ಯದಿಂದ ಕರುಣಕ್ಕೆ ಹೋಗಬೇಕು. ಶಿಶುನಾಳ ಶರೀಫರ ‘ಕೋಡಗನ ಕೋಳಿ ನುಂಗಿತ್ತ’ ತರೋಣ.

ಕಾರ್ಯದರ್ಶಿ: ಅದನ್ನ ಹಾಸ್ಯದ ಪಟ್ಟಿಯಲ್ಲೇ ಬರಕೊಂಡಿದ್ದೆ. ಕೇಳಿದವರು ನಗ್ತಾರಲ್ಲ?

ಮೇಷ್ಟ್ರು: ಮೊದಲ ಸಾಲುಗಳಿಗೆ ನಗ್ತಾರೆ. ಅದಕ್ಕೇ ರತ್ನನ ಬೆನ್ನಿಗೆ ಅದು ಸರಾಗವಾಗಿ ಕೂರೋದು. ಆಡು ಆನೆಯನ್ನ ನುಂಗೋದು, ಗೋಡೆ ಸುಣ್ಣವನ್ನ ನುಂಗೋದು ಅಂತ ಬೆಳೀತಾ ಹೋದ ಹಾಗೆ ನಗು ನಿಂತು ಇದೇನಿದು ಅನ್ನೋ ಬೆರಗು ಬರುತ್ತೆ. ಕೊನೆಗೆ ಗುರುವಿನ ಪಾದದಲ್ಲಿ ಹಾಡೋನೇ ಇಲ್ಲವಾಗ್ತಾನೆ. ಅಲ್ಲಿ ಶಾಂತ. ಹಾಸ್ಯದಲ್ಲಿ ಹತ್ತಿಸಿಕೊಂಡು ಶಾಂತದಲ್ಲಿ ಇಳಿಸೋ ಹಾಡು. ಒಂದೇ ಷರತ್ತು, ನಿಮ್ಮ ತಬಲಾದವರು ಕೊನೆಯ ನುಡಿಗೆ ಲಯ ಏರಿಸಬಾರದು. ಎಲ್ಲರೂ ಅಲ್ಲಿ ಓಡಿಸಿ ಚಪ್ಪಾಳೆ ಗಿಟ್ಟಿಸ್ತಾರೆ. ಓಡಿಸಿದರೆ ಮತ್ತೆ ಹಾಸ್ಯಕ್ಕೇ ವಾಪಸ್ಸು.

ಕಾರ್ಯದರ್ಶಿ: ಹಾಗಾದರೆ ಕರುಣಕ್ಕೆ ಬೇಂದ್ರೆಯವರದ್ದಾ, ‘ಗೋವಿನ ಹಾಡಾ’?

ಮೇಷ್ಟ್ರು: ಬೇಂದ್ರೆಯವರದ್ದು ಸಣ್ಣ ಸಭೆಗೆ, ಬಾಗಿಲು ಹಾಕಿದ ಕೋಣೆಗೆ ಹಾಡಬೇಕಾದ್ದು. ಹಾಡೋರ ಉಸಿರೂ ಕೇಳಬೇಕು.

ಕಾರ್ಯದರ್ಶಿ: ನಮ್ಮಲ್ಲಿ ಅದು ಆಗಲ್ಲ. ಪಕ್ಕದ ಶೆಡ್ಡಿನ ಕಂಪ್ರೆಸರ್ ಓಡ್ತಾನೇ ಇರುತ್ತೆ. ಮಂದ್ರದಲ್ಲಿ ಹಾಡಿದರೆ ಮೂರನೇ ಸಾಲಿನಾಚೆ ಏನೂ ಕೇಳಲ್ಲ.

ಮೇಷ್ಟ್ರು: ಅದಕ್ಕೇ ‘ಗೋವಿನ ಹಾಡು’. ಅದರ ಧಾಟಿ ಸರಳ, ಮಧ್ಯಸ್ಥಾಯಿಯಲ್ಲೇ ನಡೆಯುತ್ತೆ, ಬಯಲಲ್ಲಿ ಹಾಡೋಕೇ ಹುಟ್ಟಿದ್ದು. ಅರ್ಧ ಮನೆ ಶ್ರುತಿ ಏರಿಸಿಕೊಂಡರೂ ಕೆಡಲ್ಲ. ಆದರೆ ಪೂರ್ತಿ ಹಾಡೋಕೆ ಸಮಯ ಸಾಲಲ್ಲ, ಎಂಟು ನಿಮಿಷಕ್ಕೆ ಕತ್ತರಿಸಬೇಕು. ರಸ ಕೆಡೋದು, ಉಳಿಯೋದು ಎಲ್ಲ ಆ ಕತ್ತರಿಯಲ್ಲಿದೆ.

ಕಾರ್ಯದರ್ಶಿ: ಗೊಲ್ಲನ ದೊಡ್ಡಿಯಿಂದ ಶುರು ಮಾಡಿ ಕರುವನ್ನ ಬೀಳ್ಕೊಡೋ ತನಕ ಹಾಡಿದರೆ ಸಾಕಲ್ವಾ? ಅಲ್ಲೇ ಅಳು ಬರೋದು.

ಮೇಷ್ಟ್ರು: ಅಲ್ಲಿ ನಿಲ್ಲಿಸಿದರೆ ಕರುಣ ಸಿಗುತ್ತೆ, ಪುಣ್ಯಕೋಟಿ ಕಳೆದುಹೋಗ್ತಾಳೆ. ಬರೀ ಸಾಯೋಕೆ ಹೊರಟ ತಾಯಿಯಾಗಿ ಉಳೀತಾಳೆ. ಮಾತು ಕೊಟ್ಟಿದ್ದೀನಿ ಅಂತ ಹುಲಿಯ ಗವಿಗೆ ತಾನಾಗಿ ನಡೆದು ಹೋಗೋದಿದೆಯಲ್ಲ, ಅದು ಧರ್ಮವೀರ. ವೀರಕ್ಕೆ ಯುದ್ಧವೇ ಬೇಕಿಲ್ಲ. ದಾನವೀರ, ಧರ್ಮವೀರ, ಯುದ್ಧವೀರ ಅಂತ ಭರತನೇ ಮೂರು ಎಣಿಸಿದ್ದಾನೆ. ಮೊದಲಿನ ದೊಡ್ಡಿಯ ಬಣ್ಣನೆಯನ್ನ ಒಂದೆರಡು ನುಡಿಗೆ ಇಳಿಸಿ. ಅರ್ಬುತ ಅಡ್ಡಗಟ್ಟೋದು ಇರಲಿ, ಅಲ್ಲಿ ರೌದ್ರ ಭಯಾನಕ ಎರಡೂ ಬರುತ್ತವೆ. ಕರುವಿನ ಮಾತು, ಉಳಿದ ಹಸುಗಳಿಗೆ ಕರುವನ್ನ ಒಪ್ಪಿಸೋ ಮಾತು, ಇವೆರಡನ್ನ ಪೂರ್ತಿ ಹಾಡಿ, ವಾದ್ಯ ಬೇಡ, ಶ್ರುತಿ ಸಾಕು. ಆಮೇಲೆ ಗವಿಯ ಮುಂದೆ ಬಂದು ನಿಲ್ಲೋದು. ಅಲ್ಲಿ ದನಿ ನಡುಗಬಾರದು. ಕರುವಿನ ಹತ್ತಿರ ನಡುಗಿದ ದನಿ ಹುಲಿಯ ಎದುರು ಗಟ್ಟಿಯಾಗಬೇಕು. ಹಾಡೋರಿಗೆ ಇದೊಂದು ತಿಳಿದರೆ ಸಾಕು, ಕರುಣ ತಾನಾಗಿ ವೀರಕ್ಕೆ ತಿರುಗುತ್ತೆ.

ಕಾರ್ಯದರ್ಶಿ: ಅದರ ನಂತರ ಓಬವ್ವ ಬಂದರೆ ಧರ್ಮವೀರದಿಂದ ಯುದ್ಧವೀರಕ್ಕೆ. ನಡುವೆ ಏನೂ ತುರುಕಬೇಕಿಲ್ಲ.

ಮೇಷ್ಟ್ರು: ತುರುಕಬೇಡಿ, ಆದರೆ ಬಿಡುವು ಕೊಡಿ. ಹಾಡು ಮುಗಿದ ಮೇಲೆ ಹತ್ತು ಹದಿನೈದು ಸೆಕೆಂಡು ಯಾರೂ ಮೈಕು ಮುಟ್ಟಬಾರದು. ನಿರೂಪಕರು ಓಡಿಬಂದು ಜೋರು ಚಪ್ಪಾಳೆ ಕೇಳಿದರೆ ಎಂಟು ನಿಮಿಷದ ಕೆಲಸ ನೀರಲ್ಲಿ ಹೋಮ. ಕರುಣ ಕೂತಿದೆಯಾ ಇಲ್ಲವಾ ಅಂತ ನೀವು ಪೆಂಡಾಲಿನ ಹಿಂದೆ ನಿಂತು ನೋಡಿ. ಕೊನೆಯ ಸ್ವರ ಆರೋ ಮೊದಲೇ ಚಪ್ಪಾಳೆ ಬಿದ್ದರೆ ಜನ ಮುಗಿಯೋದನ್ನೇ ಕಾಯ್ತಿದ್ದರು ಅಂತ ಅರ್ಥ. ಮೊದಲು ಒಂದು ತೆರಪು, ಆಮೇಲೆ ಅಲ್ಲೊಂದು ಇಲ್ಲೊಂದು ಕೈ ಎದ್ದರೆ ಕೂತಿದೆ. ವೀರಕ್ಕೆ ಬೇರೆ ಪರೀಕ್ಷೆ. ಪಲ್ಲವಿಗೆ ಕೈತಾಳ ಹಾಕಿದವರು ಚರಣಕ್ಕೆ ನಿಲ್ಲಿಸಿ ಕೇಳಬೇಕು. ಚರಣದ ಮೇಲೂ ಬಡೀತಾ ಇದ್ದರೆ ಮಾತು ಯಾರಿಗೂ ಬೇಕಿಲ್ಲ, ಲಯ ಓಡಿಬಿಟ್ಟಿದೆ.

ಕಾರ್ಯದರ್ಶಿ: ಎಂಟನೆಯದು ಕರ್ಕಿಯವರ ದೀಪದ ಹಾಡು, ಎಲ್ಲರೂ ಸೇರಿ. ಕಿರಿಯರಿಗೆ ಒಂದು ಸಿನಿಮಾ ಹಾಡು ಕೊಡದಿದ್ದರೆ ನನ್ನನ್ನ ಬಿಡಲ್ಲ, ಮೇಷ್ಟ್ರೇ. ಅದನ್ನ ಬಹುಮಾನ ಹಂಚೋ ಹೊತ್ತಿಗೆ ಹಾಕಿಸ್ತೀನಿ, ಆಗ ಕುಣೀಲಿ.

ಮೇಷ್ಟ್ರು: ಕುಣೀಲಿ. ಸಾಲಿನ ಹೊರಗೆ ಏನು ನಡೆದರೂ ರಸಕ್ಕೆ ಧಕ್ಕೆ ಇಲ್ಲ. ಈಗ ಎಣಿಸಿ ನೋಡಿ. ವೀರ, ಅದ್ಭುತ, ಶೃಂಗಾರ, ಹಾಸ್ಯ, ಶಾಂತ, ರೌದ್ರ, ಭಯಾನಕ, ಕರುಣ. ಎಂಟು ಹಾಡಲ್ಲಿ ಎಂಟು ರಸ.

ಕಾರ್ಯದರ್ಶಿ: ಬೀಭತ್ಸ ಉಳೀತು. ಬೇಂದ್ರೆಯವರ ‘ಕುರುಡು ಕಾಂಚಾಣ’ ಈಗ ಹೊಳೀತಿದೆ.

ಮೇಷ್ಟ್ರು: ಕನ್ನಡದಲ್ಲಿ ಆ ರಸಕ್ಕೆ ಅದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ. ಕಾಲಿಗೆ ಬಿದ್ದವರನ್ನ ತುಳಿದು ಕುಣಿಯೋ ಹಣ, ಅದು ತೊಟ್ಟಿರೋ ಒಡವೆಗಳೇ ಹೇಸಿಗೆ ಹುಟ್ಟಿಸ್ತವೆ. ಆದರೆ ಈ ಸಾಲಿನಲ್ಲಿ ಎಲ್ಲಿಡ್ತೀರಿ? ಶೃಂಗಾರದ ಹತ್ತಿರ ಇಡೋ ಹಾಗಿಲ್ಲ, ಅವೆರಡಕ್ಕೆ ಹುಟ್ಟುವೈರ. ಶರೀಫರ ನಂತರ ಇಟ್ಟರೆ ಕಟ್ಟಿದ ಸೇತುವೆ ಮುರಿಯುತ್ತೆ. ಓಬವ್ವನ ಆಚೆ ಇಟ್ಟರೆ ಉತ್ಸಾಹದ ಮೇಲೆ ನೀರು ಸುರಿದ ಹಾಗೆ. ಮೇ ಒಂದರ ಕಾರ್ಮಿಕರ ದಿನಾಚರಣೆಗೆ ಎತ್ತಿಡಿ. ಅಲ್ಲಿ ಅದೇ ಅಂಗಿಯಾಗಬಹುದು, ಸುತ್ತಲಿನ ಹಾಡುಗಳನ್ನ ಅದಕ್ಕೆ ಹೊಂದಿಸೋಣ. ಶಾಂತವನ್ನ ಒಂಬತ್ತನೆಯದಾಗಿ ಸೇರಿಸಿದ್ದೇ ಆಮೇಲೆ, ಭರತನಲ್ಲಿ ಎಂಟೇ ಇದ್ದದ್ದು ಅಂತ ಆಡಳಿತದವರಿಗೆ ಹೇಳಿ. ಎಂಟಕ್ಕೆ ಒಪ್ಕೋತಾರೆ.

ಕಾರ್ಯದರ್ಶಿ: ಇನ್ನೊಂದು ಉಳಿದಿದೆ. ಒಡಿಶಾ, ಬಿಹಾರದವರಿಗೆ ಕನ್ನಡ ಅಷ್ಟಕ್ಕಷ್ಟೆ. ಹಾಸ್ಯಕ್ಕೆ ನಗದಿದ್ದರೆ ಪರವಾಗಿಲ್ಲ, ಪಕ್ಕದವನನ್ನ ನೋಡಿ ನಗ್ತಾರೆ. ‘ಗೋವಿನ ಹಾಡಿ’ಗೆ ಅವರು ಎದ್ದು ಟೀ ಕುಡಿಯೋಕೆ ಹೋದರೆ ಉಳಿದವರ ಮನಸ್ಸೂ ಚೆದುರುತ್ತೆ.

ಮೇಷ್ಟ್ರು: ನೀವು ಹೇಳೋದು ಸರಿ. ಕರುಣಕ್ಕೆ ಯಾರು, ಏನು, ಯಾಕೆ ಅನ್ನೋದು ಗೊತ್ತಿರಲೇಬೇಕು. ಬರೀ ಸ್ವರದಿಂದ ಬೇಸರ ಹುಟ್ಟಬಹುದು, ಶೋಕ ಹುಟ್ಟಲ್ಲ. ಹಾಡಿಗೆ ಮುಂಚೆ ಹಿಂದಿಯಲ್ಲಿ ಎರಡು ಮಾತು ಹೇಳಿಸಿ. ಹುಲಿ ಹಸುವನ್ನ ಹಿಡೀತು. ಕರುವಿಗೆ ಹಾಲು ಕೊಟ್ಟು ಬರ್ತೀನಿ ಅಂತ ಹಸು ಮಾತು ಕೊಟ್ಟು ಹೋಯ್ತು. ಅಷ್ಟೇ. ಮುಂದೇನಾಯ್ತು ಅಂತ ಹೇಳಬೇಡಿ.

ಕಾರ್ಯದರ್ಶಿ: ವೆಲ್ಡಿಂಗ್ ವಿಭಾಗದಲ್ಲಿ ಕಟಕ್ ಕಡೆಯವರೊಬ್ಬರು ಕನ್ನಡ ಚೆನ್ನಾಗಿ ಕಲಿತಿದ್ದಾರೆ. ಆ ಎರಡು ಮಾತನ್ನ ಅವರ ಕೈಯಲ್ಲೇ ಹೇಳಿಸ್ತೀನಿ, ಹಿಂದಿಯಲ್ಲೊಮ್ಮೆ, ಒಡಿಯಾದಲ್ಲೊಮ್ಮೆ. ಭಾನುವಾರ ಅಭ್ಯಾಸಕ್ಕೆ ಕರಕೊಂಡು ಬರ್ತೀನಿ. ನೀವು ಹಾರ್ಮೋನಿಯಂ ತರಬೇಡಿ, ನಮ್ಮಲ್ಲೇ ಇದೆ.